15 ತಿಂಗಳು ತರಿಸಿದ ಡ್ರೈಫ್ರೂಟ್ಸ್ ಬಾಕ್ಸ್: ಪ್ಯಾಕೆಟ್ ಹೊಸದು, ಅಕ್ರೋಟು ಹಳೆಯದು

ರಾತ್ರಿ ಒಂಬತ್ತೂವರೆ ಆದಮೇಲೆ ನಮ್ಮ ಮನೆಯಲ್ಲಿ ಎರಡು ಸಣ್ಣ ಸ್ಟೀಲ್ ಬಟ್ಟಲು ಕಟ್ಟೆ ಮೇಲೆ ಬರುತ್ತವೆ. ಒಂದರಲ್ಲಿ ಎಂಟು ಬಾದಾಮಿ, ನಾಲ್ಕು ಹೋಳು ಅಕ್ರೋಟು. ಇನ್ನೊಂದರಲ್ಲಿ ಒಂದು ಹಿಡಿ ಒಣದ್ರಾಕ್ಷಿ. ನೀರು ಹಾಕಿ ಮುಚ್ಚಿಡುವುದು ನನ್ನ ಕೆಲಸ. ಬೆಳಗ್ಗೆ ಕಾಫಿಗೆ ಮುಂಚೆ ಬಾದಾಮಿ ಸಿಪ್ಪೆ ಸುಲಿಯುವುದು ಅಮ್ಮನ ಕೆಲಸ. ಅಮ್ಮನಿಗೆ 74 ವರ್ಷ, ಹಲ್ಲು ಗಟ್ಟಿ ಇಲ್ಲ, ನೆನೆಸಿದ್ದನ್ನೇ ತಿನ್ನಬೇಕು.

ಈ ಬಟ್ಟಲಿಗಾಗಿಯೇ ಕಳೆದ ವರ್ಷ ಮಾರ್ಚ್‌ನಿಂದ ಒಂದು ಆನ್‌ಲೈನ್ ಕಂಪನಿಯ ತಿಂಗಳ ಬಾಕ್ಸ್ ತರಿಸುತ್ತಿದ್ದೇನೆ. ಬಾದಾಮಿ, ಗೋಡಂಬಿ, ಅಕ್ರೋಟು, ದ್ರಾಕ್ಷಿ, ಒಂದೊಂದು ಕಾಲು ಕೆ.ಜಿ. ತಿಂಗಳಿಗೆ ಸುಮಾರು 1,100 ರೂಪಾಯಿ ಬೀಳುತ್ತದೆ. ನಾವಿರುವುದು ಬನಶಂಕರಿಯಲ್ಲಿ. ಗಾಂಧಿ ಬಜಾರ್ ದೂರವೇನಲ್ಲ, ಆದರೆ ವಾರದ ದಿನ ಸಂಜೆ ಅಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಅದಕ್ಕೆ ಬಾಕ್ಸ್.

ಮೊದಲು ಮೆಚ್ಚಿದ್ದನ್ನು ಹೇಳಿಬಿಡುತ್ತೇನೆ. ತೂಕದಲ್ಲಿ ಒಂದು ಸಲವೂ ಮೋಸವಿಲ್ಲ. ದ್ರಾಕ್ಷಿಯಲ್ಲಿ ತೊಟ್ಟು, ಕಲ್ಲು ಸಿಕ್ಕಿಲ್ಲ. ಬಾದಾಮಿ ಇಷ್ಟು ತಿಂಗಳಲ್ಲಿ ಒಮ್ಮೆಯೂ ಕೆಟ್ಟಿರಲಿಲ್ಲ. ಗೋಡಂಬಿ ಎರಡು ಭಾಗ ಬಿಡಿಸಿದರೆ ಒಳಗೂ ಹಾಲಿನಂತೆ ಬೆಳ್ಳಗೆ. ಅಕ್ಟೋಬರ್‌ನಿಂದ ಜನವರಿವರೆಗೆ ಬಂದ ಅಕ್ರೋಟಂತೂ ಬಹಳ ಚೆನ್ನಾಗಿತ್ತು. ಮುರಿದರೆ ಟಪ್ ಅಂತ ಮುರಿಯುತ್ತಿತ್ತು, ಒಳಗೆ ದಂತದ ಬಣ್ಣ. ಅಮ್ಮ ಎರಡು ಹೋಳು ಜಾಸ್ತಿ ನೆನೆಸು ಎಂದು ಕೇಳಿ ತಿಂದರು.

ಈ ಮೇ 14ಕ್ಕೆ ಬಂದ ಬಾಕ್ಸ್‌ನಿಂದ ನನ್ನ ಅಭಿಪ್ರಾಯ ಬದಲಾಯಿತು. ಬಂದ ರಾತ್ರಿಯೇ ಪ್ಯಾಕೆಟ್ ಒಡೆದು ನೆನೆಹಾಕಿದೆ. ಬೆಳಗ್ಗೆ ಅಮ್ಮ ಒಂದು ಹೋಳು ಬಾಯಿಗೆ ಹಾಕಿ ಕೈಗೆ ಉಗುಳಿದರು.

"ಕಮಟು ಹೊಡೀತಿದೆ ಕಣೋ. ಹೋದ ವರ್ಷ ಬೇಸಿಗೇಲೂ ಹೀಗೇ ಇತ್ತು, ನೀನು ಸಿಪ್ಪೆ ಒಗರು ಅಂದೆ."

ನಿಜ, ಹಾಗೆ ಅಂದಿದ್ದೆ. ಹೋದ ವರ್ಷ ಜೂನ್‌ನಲ್ಲಿ ಉಳಿದದ್ದನ್ನು ಬಾಣಲೆಯಲ್ಲಿ ಹುರಿದು ಬೆಲ್ಲದ ಉಂಡೆ ಕಟ್ಟಿದ್ದೆ. ಹುರಿದಾಗ ವಾಸನೆ ಹೋದಂತಾಗಿ, ನಾಲ್ಕೇ ದಿನಕ್ಕೆ ಡಬ್ಬಿ ತೆಗೆದರೆ ಹಳೇ ಪೇಂಟಿನ ವಾಸನೆ. ಬಿಸಿಗೆ ಹಾರಿಹೋಗುವುದು ಮೂಗಿಗೆ ಬಡಿಯುವ ಭಾಗ ಮಾತ್ರ. ಕೆಟ್ಟ ಎಣ್ಣೆ ಕಾಳಿನೊಳಗೇ ಉಳಿದಿರುತ್ತದೆ, ಬಿಸಿ ತಾಗಿದ್ದರಿಂದ ಇನ್ನೂ ಬೇಗ ಕೆಡುತ್ತದೆ.

ಈ ಸಲ ಪ್ಯಾಕೆಟ್ ತಿರುಗಿಸಿ ನೋಡಿದೆ. ಪ್ಯಾಕ್ ಮಾಡಿದ ದಿನಾಂಕ ಮೇ 6. ಎಂಟು ದಿನದ ಮಾಲು. ನಮ್ಮ ಮನೆಯಲ್ಲಿ ಒಂದು ರಾತ್ರಿ ಇದ್ದದ್ದು, ಅದೂ ನೀರಲ್ಲಿ. ಮತ್ತೆ ಹೇಗೆ ಕಮಟಾಯಿತು?

ಇಲ್ಲಿಯೇ ನಾನು 15 ತಿಂಗಳು ತಪ್ಪು ತಿಳಿದಿದ್ದು. ಆ ದಿನಾಂಕ ಹೇಳುವುದು ಚೀಲದ ಬಾಯಿ ಮುಚ್ಚಿದ್ದು ಯಾವಾಗ ಎಂದು, ಅಷ್ಟೇ. ಕಾಶ್ಮೀರದ ಅಕ್ರೋಟು ಕೊಯ್ಲಾಗುವುದು ಸೆಪ್ಟೆಂಬರ್ ಹೊತ್ತಿಗೆ. ಕ್ಯಾಲಿಫೋರ್ನಿಯಾದ್ದೂ ಸುಮಾರು ಅದೇ ಕಾಲ. ಮೇ ತಿಂಗಳಲ್ಲಿ ಪ್ಯಾಕ್ ಆದ ಕಾಶ್ಮೀರಿ ಅಕ್ರೋಟಿಗೆ ಆಗಲೇ ಎಂಟು ತಿಂಗಳು ವಯಸ್ಸು. ಚಿಪ್ಪಿನೊಳಗಿದ್ದರೆ ಅಥವಾ ತಂಪು ಕೋಣೆಯಲ್ಲಿದ್ದರೆ ಎಂಟು ತಿಂಗಳು ದೊಡ್ಡದಲ್ಲ. ಚಿಪ್ಪು ಒಡೆದು ಬಿಡಿ ಕಾಳಾಗಿ ಗೋದಾಮಿನ ಸೆಕೆಯಲ್ಲಿ ಕೂತಿದ್ದರೆ ಬಹಳ ದೊಡ್ಡದು.

ಅದೇ ಗೋದಾಮಿನ ಬಾದಾಮಿ ಯಾಕೆ ಕೆಡಲಿಲ್ಲ ಎಂದರೆ ಎಣ್ಣೆಯ ಜಾತಿ ಬೇರೆ. ಅಕ್ರೋಟಿನ ತೂಕದಲ್ಲಿ ನೂರಕ್ಕೆ 65ರಷ್ಟು ಎಣ್ಣೆಯೇ, ಅದರಲ್ಲಿ ಹೆಚ್ಚಿನ ಪಾಲು ಒಮೆಗಾ-3, ಒಮೆಗಾ-6. ಡಾಕ್ಟರು ತಿನ್ನಿ ಎನ್ನುವುದೂ ಅದಕ್ಕೇ, ಗಾಳಿ ಸೋಕಿದರೆ ಮೊದಲು ಕೆಡುವುದೂ ಅದೇ. ಬಾದಾಮಿ, ಗೋಡಂಬಿಯಲ್ಲಿ ಹೆಚ್ಚಾಗಿರುವುದು ಆಲಿವ್ ಎಣ್ಣೆಯಲ್ಲಿರುವಂಥ, ನಿಧಾನಕ್ಕೆ ಕೆಡುವ ಎಣ್ಣೆ. ಜೊತೆಗೆ ಬಾದಾಮಿಯಲ್ಲಿ ವಿಟಮಿನ್ ಇ ಧಾರಾಳವಾಗಿದೆ, ಅದು ಎಣ್ಣೆಯನ್ನು ಕಾಯುತ್ತದೆ.

ಆ ಭಾನುವಾರ ಉಳಿದ ಅಕ್ರೋಟನ್ನೆಲ್ಲ ಕಿಟಕಿ ಪಕ್ಕ ಬಿಳಿ ಹಾಳೆ ಮೇಲೆ ಸುರಿದೆ. ಎಣಿಸಿದರೆ 64 ಹೋಳು, ಜೊತೆಗೆ ತಳದಲ್ಲಿ ಒಂದು ಹಿಡಿ ನುಚ್ಚು. ಕಣ್ಣಿಗೆ ಕಂಡಂತೆ ಮೂರು ಗುಂಪು ಮಾಡಿದೆ. ಹದಿನಾಲ್ಕು ಹೋಳು ಎಣ್ಣೆ ಸವರಿದಂತೆ ಮಿರುಗುತ್ತಿದ್ದವು, ಬಣ್ಣವೂ ಕಂದು. ಒಂಬತ್ತು ಸುಕ್ಕಾಗಿ ತೆಳ್ಳಗಿದ್ದವು, ಆದರೆ ಬಣ್ಣ ತಿಳಿಯಾಗಿತ್ತು. ಮಿಕ್ಕ 41 ನೋಡಲು ಚೆನ್ನಾಗಿದ್ದವು.

ಪ್ರತಿ ಗುಂಪಿನಿಂದ ಐದೈದು ನೆನೆಸಿ, ಬೆಳಗ್ಗೆ ಅಮ್ಮನೂ ನಾನೂ ಸಿಪ್ಪೆ ತೆಗೆದು ತಿಂದು ನೋಡಿದೆವು. ಅಕ್ರೋಟಿನ ಸಿಪ್ಪೆ ಬಿಡಿಸಲು ಸಹನೆ ಬೇಕು. ನೆನೆದ ಹೋಳಿನ ಸಂದಿನಲ್ಲಿ ಉಗುರು ತೂರಿಸಿ ಚೂರುಚೂರಾಗಿ ಎಳೆಯಬೇಕು. ಆದರೆ ಇದಕ್ಕಿಂತ ನಂಬಿಕಸ್ಥ ಪರೀಕ್ಷೆ ನನಗೆ ಸಿಕ್ಕಿಲ್ಲ. ಸಿಪ್ಪೆಗೆ ಹುಟ್ಟಾ ಒಗರಿದೆ, ಅದು ನಾಲಿಗೆಗೆ ತಾಗಿದ ಕೂಡಲೇ ಗೊತ್ತಾಗಿ ಹೋಗಿಬಿಡುತ್ತದೆ. ಕಮಟು ಹಾಗಲ್ಲ. ಮೂರು ನಾಲ್ಕು ಸಲ ಅಗಿದಮೇಲೆ ಗಂಟಲ ಹತ್ತಿರ ಬರುತ್ತದೆ, ಕಾಫಿ ಕುಡಿದರೂ ಉಳಿಯುತ್ತದೆ. ಸಿಪ್ಪೆ ತೆಗೆದ ಬಿಳಿ ತಿರುಳು ಸಿಹಿಯಾಗಿರಬೇಕು. ತಿರುಳೇ ಕಹಿಯಾದರೆ ಅದು ಕೆಟ್ಟಿದೆ.

ಮಿರುಗುತ್ತಿದ್ದ ಐದಕ್ಕೆ ಐದೂ ಕಮಟು. ಇನ್ನೊಂದನ್ನು ಒಣಗಿದ್ದಾಗಲೇ ಮುರಿದು ನೋಡಿದರೆ ಒಳಗೆ ಬಿಳುಪಿನ ಬದಲು ಅಂಚಿನ ಸುತ್ತ ಹಳದಿ, ಎಣ್ಣೆ ಕಾಗದದ ಹಾಗೆ ಬೆಳಕು ಹಾಯುವಂತಿತ್ತು. ಟಪ್ ಎನ್ನಲಿಲ್ಲ, ಬಾಗಿ ಮುರಿಯಿತು. ಕಾಳಿನೊಳಗೆ ಎಣ್ಣೆ ಸಣ್ಣ ಸಣ್ಣ ಕೋಶಗಳಲ್ಲಿ ಭದ್ರವಾಗಿರುತ್ತದೆ. ಶಾಖಕ್ಕೋ, ಪೆಟ್ಟಿಗೋ, ಹಳತಾಗಿಯೋ ಕೋಶ ಒಡೆದರೆ ಎಣ್ಣೆ ಹೊರಗೆ ಜಿನುಗಿ ಗಾಳಿಗೆ ಸಿಗುತ್ತದೆ. ಮಿರುಗು ಎಂದರೆ ಅದೇ ಜಿನುಗಿದ ಎಣ್ಣೆ. ನುಚ್ಚಿನ ಸ್ಥಿತಿ ಇನ್ನೂ ಕೆಟ್ಟದಾಗಿತ್ತು, ಮುರಿದ ಮುಖವೆಲ್ಲ ಗಾಳಿಗೆ ತೆರೆದೇ ಇರುತ್ತದಲ್ಲ.

ಸುಕ್ಕಾದವುಗಳ ಮೇಲೆ ನನಗೆ ಜಾಸ್ತಿ ಅನುಮಾನವಿತ್ತು, ಅದು ಸುಳ್ಳಾಯಿತು. ಐದರಲ್ಲಿ ಒಂದೂ ಕಮಟಿಲ್ಲ. ಸಪ್ಪೆ, ಮರದ ಚಕ್ಕೆ ಅಗಿದಂತೆ, ಅಷ್ಟೇ. ಮರದಲ್ಲಿದ್ದಾಗ ನೀರು ಸಾಲದೆಯೋ, ಬಲಿಯುವ ಮುಂಚೆ ಉದುರಿಯೋ ತುಂಬದೆ ಉಳಿದ ಕಾಳು ಒಣಗಿದಾಗ ಹೀಗೆ ಮುದುಡುತ್ತದೆ. ಅದು ಬೆಳೆಯ ದೋಷ, ವಯಸ್ಸಿನದ್ದಲ್ಲ. ಸುಕ್ಕು ಮತ್ತು ಕಂದು ಬಣ್ಣ ಜೊತೆಗೇ ಇದ್ದರೆ ಮಾತ್ರ ನಾನೀಗ ಪಕ್ಕಕ್ಕಿಡುತ್ತೇನೆ.

ಚಿಂತೆ ಹತ್ತಿಸಿದ್ದು ಮೂರನೇ ಗುಂಪು. ನೋಡಲು ಲಕ್ಷಣವಾಗಿದ್ದ ಐದರಲ್ಲಿ ಎರಡು ಅಗಿದಮೇಲೆ ಸಣ್ಣಗೆ ಕಮಟು. ಎಣ್ಣೆ ಕೆಡಲು ಶುರುವಾದಾಗ ಮೊದಲು ಹುಟ್ಟುವ ಪದಾರ್ಥಗಳಿಗೆ ವಾಸನೆಯೇ ಇರುವುದಿಲ್ಲ. ಅವು ಒಡೆದಮೇಲೆ ವಾಸನೆ ಬರುತ್ತದೆ. ಹೀಗಾಗಿ ಕಣ್ಣು ಪಾಸು ಮಾಡಿದ್ದನ್ನೂ ಒಂದೆರಡು ತಿಂದೇ ನೋಡಬೇಕು.

ಮಿರುಗನ್ನು ಎಲ್ಲದಕ್ಕೂ ಒಂದೇ ಅಳತೆ ಮಾಡಲೂ ಆಗುವುದಿಲ್ಲ. ಒಣದ್ರಾಕ್ಷಿ ಮಿರುಗಿದರೆ ನಾನು ಗಾಬರಿಯಾಗುವುದಿಲ್ಲ. ವಿಜಯಪುರದ ಕಡೆ ದ್ರಾಕ್ಷಿಯನ್ನು ಒಣಗಿಸುವ ಮುಂಚೆ ಎಣ್ಣೆ ಬೆರೆಸಿದ ದ್ರಾವಣದಲ್ಲಿ ಅದ್ದುತ್ತಾರೆ, ಬೇಗ ಒಣಗಲಿ ಎಂದು. ಕಾಳು ಒಂದಕ್ಕೊಂದು ಅಂಟದಿರಲಿ ಎಂದು ಪ್ಯಾಕ್ ಮಾಡುವಾಗ ಎಣ್ಣೆ ಸವರುವುದೂ ಉಂಟು. ದ್ರಾಕ್ಷಿಯಲ್ಲಿ ಇರುವುದು ಸಕ್ಕರೆ, ಕೊಬ್ಬು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಹಳತಾದರೆ ಅದು ಕಲ್ಲಾಗುತ್ತದೆ, ಸಕ್ಕರೆ ಹರಳು ಕಟ್ಟುತ್ತದೆ. ಸುಕ್ಕಂತೂ ಅದರ ಸಹಜ ರೂಪ.

ಕಂಪನಿಗೆ ಫೋನ್ ಮಾಡಿದೆ. ಎತ್ತಿಕೊಂಡ ಹುಡುಗ ಮೊದಲು "ಸರ್, ಪ್ಯಾಕಿಂಗ್ ಡೇಟ್ ಮೇ ಆರು ಇದೆ, ಫ್ರೆಶ್ ಸ್ಟಾಕ್" ಎಂದ. ನನಗೆ ಸಿಟ್ಟು ಬಂತು. ಒಂದು ಸಾವಿರ ಚಿಲ್ಲರೆ ಕೊಟ್ಟು ಅಮ್ಮನಿಗೆ ಕೆಟ್ಟ ಎಣ್ಣೆ ತಿನ್ನಿಸಿದೆನಲ್ಲ ಎಂದು. ಬ್ಯಾಚ್ ನಂಬರ್ ಹೇಳಿ, ಇದರ ಕೊಯ್ಲು ಯಾವಾಗ, ಚಿಪ್ಪು ಒಡೆದದ್ದು ಯಾವಾಗ, ಎಲ್ಲಿ ಇಟ್ಟಿದ್ದಿರಿ, ಈ ಮೂರಕ್ಕೆ ಉತ್ತರ ಬೇಕು ಎಂದೆ. ಎರಡು ದಿನ ಬಿಟ್ಟು ಗೋದಾಮು ನೋಡಿಕೊಳ್ಳುವವರೇ ಫೋನ್ ಮಾಡಿದರು. ಕಳೆದ ಸೆಪ್ಟೆಂಬರ್ ಕೊಯ್ಲು, ಜನವರಿಯಲ್ಲಿ ಒಡೆದ ಕಾಳು, ಆಮೇಲೆ ಎ.ಸಿ. ಇಲ್ಲದ ಗೋದಾಮಿನಲ್ಲಿ ಇತ್ತು, ಆರ್ಡರ್ ಬಂದಂತೆ ತುಂಬುತ್ತೇವೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅಕ್ರೋಟಿನ ದುಡ್ಡು ವಾಪಸ್ ಬಂತು. ಮಾರ್ಚ್, ಏಪ್ರಿಲ್, ಮೇ, ನಮ್ಮೂರಿನ ಸೆಕೆ ಪೂರ್ತಿ ಆ ಕಾಳು ಅನುಭವಿಸಿದೆ. ಚೀಲದೊಳಗೆ ಒಂದು ಸಣ್ಣ ಪೊಟ್ಟಣ ಹಾಕಿದ್ದರು, ಸಿಲಿಕಾ ಜೆಲ್. ಅದು ತೇವ ಹೀರುತ್ತದೆ. ಎಣ್ಣೆ ಕೆಡಿಸುವ ಆಮ್ಲಜನಕವನ್ನು ಅದು ಮುಟ್ಟುವುದಿಲ್ಲ.

ಅವರು ನೇರವಾಗಿ ಹೇಳಿದ್ದರಿಂದ ಬಾಕ್ಸ್ ಪೂರ್ತಿ ನಿಲ್ಲಿಸಲಿಲ್ಲ. ಬಾದಾಮಿ, ಗೋಡಂಬಿ, ದ್ರಾಕ್ಷಿ ಮುಂದುವರಿದಿದೆ, ತಿಂಗಳಿಗೆ ಸುಮಾರು 700 ರೂಪಾಯಿ. ಈ ಮೂರಕ್ಕೆ ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಅಕ್ರೋಟಿಗೆ ಚಳಿಗಾಲದಲ್ಲಿ ನಾಲ್ಕು, ಬೇಸಿಗೆಯಲ್ಲಿ ಒಂದು. ಕೊಯ್ಲಿನ ತಿಂಗಳನ್ನೂ ಪ್ಯಾಕೆಟ್ ಮೇಲೆ ಅಚ್ಚು ಹಾಕಿದರೆ ಮತ್ತೆ ಯೋಚಿಸುತ್ತೇನೆ ಎಂದು ಅವರಿಗೆ ಬರೆದಿದ್ದೇನೆ.

ಅಕ್ರೋಟು ಈಗ ಗಾಂಧಿ ಬಜಾರಿನ ಒಂದು ಹಳೇ ಅಂಗಡಿಯಿಂದ, ಚಿಪ್ಪಿನ ಸಮೇತ. ತೆಳು ಚಿಪ್ಪಿನ ಕಾಗಜಿ ಜಾತಿ, ಎರಡನ್ನು ಒಂದೇ ಅಂಗೈಯಲ್ಲಿ ಹಿಡಿದು ಒತ್ತಿದರೆ ಒಂದು ಒಡೆಯುತ್ತದೆ. ಕಿವಿ ಹತ್ತಿರ ಅಲುಗಾಡಿಸಿ, ಒಳಗೆ ಗಡಗಡ ಎಂದರೆ ಬಿಡುತ್ತೇನೆ, ಕಾಳು ಒಣಗಿ ಕುಗ್ಗಿರುತ್ತದೆ. ಅಂಗಡಿಯವರು "ಒಂದು ಒಡೆದು ತಿಂದು ನೋಡಿ ಸರ್, ಆಮೇಲೆ ತಗೊಳ್ಳಿ" ಎನ್ನುತ್ತಾರೆ. ಮನೆಯಲ್ಲಿ ವಾರಕ್ಕೆ ಬೇಕಾದಷ್ಟೇ ಒಡೆದು, ಗಾಜಿನ ಬಾಟಲಿಯಲ್ಲಿ ಗಟ್ಟಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡುತ್ತೇನೆ. ಸಡಿಲ ಮುಚ್ಚಳವಾದರೆ ಪಕ್ಕದ ಈರುಳ್ಳಿಯ ವಾಸನೆ ಹೀರಿಕೊಳ್ಳುತ್ತದೆ. ರಾತ್ರಿ ಬಾಟಲಿ ಹೊರಗೆ ತೆಗೆದು ಅರ್ಧ ಗಂಟೆ ಬಿಟ್ಟು ಮುಚ್ಚಳ ತೆರೆಯುತ್ತೇನೆ, ತಣ್ಣನೆ ಕಾಳಿನ ಮೇಲೆ ನೀರು ಕೂರಬಾರದು. ಆಮೇಲೆ ಬಟ್ಟಲಿಗೆ ನಾಲ್ಕು ಹೋಳು. ನಿನ್ನೆ ಅಮ್ಮ ಆರು ನೆನೆಸು ಎಂದರು.