ಸುಡೊಕು ಸ್ಕ್ರೀನ್‌ಶಾಟ್: ಯಾವ ದಾರಿಯಲ್ಲಿ ಓದಿಸಿದರೆ, ಹೇಗೆ ಬಿಡಿಸಿದರೆ ಒಳ್ಳೆಯದು?

ಪೊನ್ನಂಪೇಟೆಯ ನಮ್ಮ ದೊಡ್ಡಪ್ಪ ಫೋನಿನಲ್ಲಿ ಸುಡೊಕು ಆಡುತ್ತಾರೆ. ಸಿಕ್ಕಿಕೊಂಡಾಗ ನನಗೆ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. "ಉತ್ತರ ಬೇಡ ಮಗ, ಮುಂದಿನ ಹೆಜ್ಜೆ ಯಾವುದು, ಯಾಕೆ ಅಂತ ಹೇಳು" ಅನ್ನುತ್ತಾರೆ. ಮಳೆಗಾಲದಲ್ಲಿ ಇಲ್ಲಿ ನೆಟ್ ನಂಬುವ ಹಾಗಿಲ್ಲ. ಹಾಗಾಗಿ ನನ್ನ ಲ್ಯಾಪ್‌ಟಾಪಿನಲ್ಲೇ ನಡೆಯುವ ದಾರಿಗಳನ್ನು ಮಾತ್ರ ಹೋಲಿಸಿ ನೋಡಿದೆ.

ಮೊದಲು ಚಿತ್ರದಿಂದ ಅಂಕಿ ತೆಗೆಯುವ ಕೆಲಸ. ಪೂರ್ತಿ ಚಿತ್ರವನ್ನು, ಚಿತ್ರದಲ್ಲಿರುವ ಅಕ್ಷರ ಓದುವ ಪ್ರೋಗ್ರಾಂ ಆದ ಟೆಸರಾಕ್ಟ್‌ಗೆ ಕೊಟ್ಟರೆ ಏನೂ ಸರಿ ಬರುವುದಿಲ್ಲ. ಅದು ಸಾಲಾಗಿ ಬರೆದ ಪಠ್ಯ ಓದಲು ಮಾಡಿದ್ದು, ಗೆರೆ ಎಳೆದ ಮನೆಗಳನ್ನಲ್ಲ. ಚೌಕಟ್ಟನ್ನು 81 ಮನೆಗಳಾಗಿ ಕತ್ತರಿಸಿ, ಒಂದೊಂದನ್ನೇ ಹೀಗೆ ಕೊಟ್ಟರೆ ಎಷ್ಟೋ ವಾಸಿ:

```
tesseract cell.png stdout --psm 10 -c tessedit_char_whitelist=123456789
```

ಇಲ್ಲಿ 10 ಅಂದರೆ "ಚಿತ್ರದಲ್ಲಿ ಒಂದೇ ಅಕ್ಷರ ಇದೆ" ಅಂತ. ಆದರೂ ತೊಂದರೆ ಉಳಿಯುತ್ತದೆ. ಮನೆಯ ಅಂಚಿನಲ್ಲಿ ಗೆರೆ ಸ್ವಲ್ಪ ಉಳಿದರೂ ಅದನ್ನೇ 1 ಅಂತ ಓದುತ್ತದೆ. ಖಾಲಿ ಮನೆಯಲ್ಲಿ ಪೆನ್ಸಿಲ್ ಗುರುತಿನ ಸಣ್ಣ ಅಂಕಿಗಳಿದ್ದರೆ ಅವೂ ನುಸುಳುತ್ತವೆ.

ಇನ್ನೊಂದು ದಾರಿ ಅಚ್ಚಿಗೆ ಅಚ್ಚು ಹೋಲಿಸುವುದು. ಒಂದೇ ಆ್ಯಪಿನಲ್ಲಿ 5 ಯಾವಾಗಲೂ ಒಂದೇ ಆಕಾರದಲ್ಲಿ, ಒಂದೇ ಗಾತ್ರದಲ್ಲಿ ಇರುತ್ತದೆ, ಅಲ್ವಾ? 1ರಿಂದ 9ರವರೆಗೆ ಒಂಬತ್ತು ಚಿತ್ರ ಕತ್ತರಿಸಿ ಇಟ್ಟುಕೊಂಡರೆ ಸಾಕು. ಪ್ರತಿ ಮನೆಯನ್ನೂ, ಚಿತ್ರಗಳ ಕೆಲಸಕ್ಕೆ ಇರುವ ಲೈಬ್ರರಿಯಾದ ಓಪನ್‌ಸಿವಿಯ `matchTemplate`ನಿಂದ ಅವುಗಳ ಜೊತೆ ಹೋಲಿಸಿ, ಜಾಸ್ತಿ ಅಂಕ ಬಂದದ್ದನ್ನು ಆರಿಸಬೇಕು. ಅದಕ್ಕೂ ಮೊದಲು ಮನೆಯ ಸುತ್ತ ಹತ್ತರಲ್ಲಿ ಒಂದು ಭಾಗ ಅಂಚನ್ನು ತೆಗೆದುಹಾಕಬೇಕು. ಉಳಿದದ್ದರಲ್ಲಿ ಕಪ್ಪು ಚುಕ್ಕೆ ತೀರಾ ಕಡಿಮೆ ಇದ್ದರೆ ಅದು ಖಾಲಿ ಮನೆ. ದೊಡ್ಡಪ್ಪ ಆಡುವುದು ಒಂದೇ ಆ್ಯಪ್ ಆದ್ದರಿಂದ ನನಗೆ ಇದೇ ಗೆದ್ದಿತು. ಬೇರೆ ಆ್ಯಪಿಗೆ ಹೋದರೆ, ಅಥವಾ ಡಾರ್ಕ್ ಮೋಡ್ ಹಾಕಿದರೆ, ಅಚ್ಚುಗಳನ್ನು ಮತ್ತೆ ಕತ್ತರಿಸಬೇಕು. ಸಿಕ್ಕ ಸಿಕ್ಕ ಚಿತ್ರ ಬರುವ ಕಡೆ ಟೆಸರಾಕ್ಟೇ ಮೇಲು.

ಓದಿದ್ದು ಸರಿಯೇ ಅಂತ ತಿಳಿಯಲು ಸುಡೊಕುವೇ ಸಹಾಯ ಮಾಡುತ್ತದೆ. ಒಂದೇ ಸಾಲಿನಲ್ಲಿ ಎರಡು 8 ಬಂದರೆ ಓದಿದ್ದು ತಪ್ಪು. ಹಾಗೆ ಕಾಣದ ತಪ್ಪುಗಳಿಗೆ ಎಷ್ಟು ಉತ್ತರ ಇವೆ ಅಂತ ಎಣಿಸಬೇಕು. ಸರಿಯಾದ ಸುಡೊಕುವಿಗೆ ಒಂದೇ ಉತ್ತರ. ಸೊನ್ನೆ ಬಂದರೆ ಯಾವುದೋ ಅಂಕಿ ತಪ್ಪಾಗಿ ಓದಿದೆ. ಎರಡನೆಯ ಉತ್ತರ ಸಿಕ್ಕರೆ ಯಾವುದೋ ಅಂಕಿ ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು. 17ಕ್ಕಿಂತ ಕಡಿಮೆ ಅಂಕಿ ಓದಿದ್ದರೆ ಎಣಿಸುವುದೇ ಬೇಡ. ಅಷ್ಟರಲ್ಲಿ ಒಂದೇ ಉತ್ತರದ ಸುಡೊಕು ಇಲ್ಲ ಅಂತ 2012ರಲ್ಲೇ ಕಂಪ್ಯೂಟರಿನಿಂದ ತೋರಿಸಿದ್ದಾರೆ.

ಈ ಎಣಿಕೆಗೆ ಬ್ಯಾಕ್‌ಟ್ರ್ಯಾಕಿಂಗ್ ಚೆನ್ನಾಗಿದೆ. ಒಂದು ಅಂಕಿ ಹಾಕಿ ನೋಡುವುದು, ಮುಂದೆ ದಾರಿ ಮುಚ್ಚಿದರೆ ಹಿಂದೆ ಬರುವುದು. ಮೊದಲ ಉತ್ತರಕ್ಕೆ ನಿಲ್ಲದೆ ಎರಡನೆಯದು ಸಿಗುವವರೆಗೆ ಹುಡುಕಬೇಕು, ಅಷ್ಟೆ. ಆದರೆ "ಯಾಕೆ" ಅನ್ನುವುದಕ್ಕೆ ಅದರಲ್ಲಿ ಉತ್ತರವಿಲ್ಲ. ದೊಡ್ಡಪ್ಪನಿಗೆ ಬೇಕಾದದ್ದು ಅದೇ.

ಅದಕ್ಕೆ ಮನುಷ್ಯರ ಹಾಗೆ ಯೋಚಿಸುವ ಪ್ರೋಗ್ರಾಂ ಬೇಕು. ಸುಲಭದ ಉಪಾಯ ಮೊದಲು, ಕಷ್ಟದ್ದು ಕೊನೆಗೆ ಅಂತ ಪಟ್ಟಿ ಮಾಡಿ, ಪ್ರತಿ ಹೆಜ್ಜೆಯ ನಂತರ ಮತ್ತೆ ಸುಲಭದ್ದರಿಂದಲೇ ಶುರು ಮಾಡಿಸಿದೆ. ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ ಇಳಿಯಬೇಕಾದ ಹೆಜ್ಜೆಯೇ ಕಷ್ಟದ ಹೆಜ್ಜೆ. ಪಟ್ಟಿಯ ಕ್ರಮ ಬದಲಿಸಿದರೆ ಆ ಹೆಜ್ಜೆಯೂ ಬದಲಾಗಬಹುದು. ಅದಕ್ಕೇ ಕ್ರಮವನ್ನು ದೊಡ್ಡಪ್ಪನಿಗೆ ಗೊತ್ತಿರುವ ಉಪಾಯಗಳನ್ನು ಕೇಳಿಯೇ ಇಟ್ಟೆ.

ಒಂದು ಆಟದಲ್ಲಿ ಆ ಹೆಜ್ಜೆ ಎಕ್ಸ್-ವಿಂಗ್ ಅನ್ನುವ ಉಪಾಯ ಆಗಿತ್ತು. ಸಾಲು ಅಂದರೆ ಅಡ್ಡ, ಕಂಬ ಅಂದರೆ ಉದ್ದ ಅಂತ ಇಟ್ಟುಕೊಳ್ಳಿ. 3ನೇ ಸಾಲಿನಲ್ಲಿ 2, 5, 7ನೇ ಕಂಬದ ಮನೆಗಳು ಖಾಲಿ. 8ನೇ ಸಾಲಿನಲ್ಲೂ ಅವೇ ಖಾಲಿ. ಎರಡೂ ಸಾಲಿಗೆ 4 ಬರಬೇಕು. 5ನೇ ಕಂಬದಲ್ಲಿ, 6ನೇ ಸಾಲಿನಲ್ಲಿ, ಆಗಲೇ 4 ಇದೆ. ಹಾಗಾಗಿ ಎರಡೂ ಸಾಲಿನಲ್ಲಿ 4ಕ್ಕೆ 2 ಮತ್ತು 7ನೇ ಕಂಬ ಮಾತ್ರ ಉಳಿಯಿತು. 3ನೇ ಸಾಲಿನ 4 ಎರಡನೇ ಕಂಬಕ್ಕೆ ಹೋದರೆ 8ನೇ ಸಾಲಿನದು ಏಳನೇ ಕಂಬಕ್ಕೆ ಹೋಗಲೇಬೇಕು. ಇಲ್ಲವೇ ಅದರ ತಿರುಗಾ ಮುರುಗಾ. ಯಾವುದೇ ಆದರೂ ಆ ಎರಡೂ ಕಂಬಗಳ 4 ಈ ಎರಡು ಸಾಲುಗಳಲ್ಲೇ ಮುಗಿದುಹೋಯಿತು. ಹಾಗಾದರೆ 5ನೇ ಸಾಲಿನ 7ನೇ ಕಂಬದಲ್ಲಿ 4 ಇರಲು ಸಾಧ್ಯವಿಲ್ಲ. ಅಲ್ಲಿ 4 ಅಥವಾ 9 ಅಂತ ಇತ್ತು, ಈಗ 9 ಖಚಿತ.

ಪ್ರೋಗ್ರಾಂ ಮೊದಲು "X-Wing 4: r3, r8 / c2, c7" ಅಂತ ಮಾತ್ರ ಬರೆಯುತ್ತಿತ್ತು. ಅದನ್ನು ಓದಿ ದೊಡ್ಡಪ್ಪನಿಗೆ ಏನೂ ತಿಳಿಯಲಿಲ್ಲ. 6ನೇ ಸಾಲಿನ ಆ 4 ಬಾಗಿಲು ಮುಚ್ಚಿದ್ದನ್ನು ಮೊದಲು ಹೇಳಿ, ಆಮೇಲೆ ಎರಡು ಸಾಧ್ಯತೆಗಳನ್ನೂ ಬಿಡಿಸಿ ಬರೆಯುವಂತೆ ಬದಲಿಸಿದ ಮೇಲೆ, ಮುಂದಿನ ಎಕ್ಸ್-ವಿಂಗ್ ಅವರೇ ಹುಡುಕಿದರು.