ಬಿಪಿ ತೋರಿಸುವ ವಾಚು ಅಂತ ದಾದರ್‌ನಲ್ಲಿ ನಮಗೆ ಹಾಕಿದ ಟೋಪಿ

ವಯಸ್ಸಾದ ಅಪ್ಪ ಅಮ್ಮನಿಗೆ ಬಿಪಿ ಇದೆ, ಒಂದು ಸ್ಮಾರ್ಟ್‌ವಾಚ್ ಕಟ್ಟಿದರೆ ನಿಶ್ಚಿಂತೆ ಅಂದುಕೊಂಡಿರುವವರು ಇದನ್ನು ಓದಿ ಆಮೇಲೆ ಅಂಗಡಿಗೆ ಹೋಗಿ. ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಬರೆದದ್ದು ಹಿಂದೆಮುಂದೆ ಆದರೆ ಸಹಿಸಿಕೊಳ್ಳಿ.

ನಾವಿರೋದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ. ಅಪ್ಪನಿಗೆ 74. ಬಿಪಿಗೆ ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ. ಕೈಯಲ್ಲಿ ಕೀಲಿ ಕೊಡುವ ಹಳೇ ಎಚ್‌ಎಂಟಿ: ಬಿಳಿ ಡಯಲ್, ದಪ್ಪ ಕಪ್ಪು ಅಂಕಿ. ಕನ್ನಡಕ ಇಲ್ಲದಿದ್ದರೂ ಟೈಮ್ ಹೇಳ್ತಾರೆ. ಆರೋಗ್ಯವನ್ನೂ ನೋಡಿಕೊಳ್ಳೋ ವಾಚು ಬೇಕು, ಅಕ್ಷರ ದೊಡ್ಡದಿರಬೇಕು, ಇಷ್ಟೇ ಅವರ ಬೇಡಿಕೆ. ದಾದರ್ ಸ್ಟೇಷನ್ ಹತ್ತಿರದ ಅಂಗಡಿಯವನು ಬಾಯಿ ತುಂಬಾ ಹೇಳಿದ: "ಕಾಕಾ, ಬಿಪಿ, ಶುಗರ್, ಆಕ್ಸಿಜನ್, ಸಬ್ ಇಸೀ ಮೇ. ಡಾಕ್ಟರ್ ಕೋ ಪೈಸಾ ಕಾಯ್ಕೋ ದೇನೇ ಕಾ?" 2,700 ರೂಪಾಯಿ. ಬಿಲ್ ಅಂತ ಕೊಟ್ಟದ್ದು ಒಂದು ಕಚ್ಚಾ ಚೀಟಿ.

ಅದರಲ್ಲಿ ಟೈಮ್ ಓದೋ ಕಥೆ ಮೊದಲ ದಿನವೇ ಗೊತ್ತಾಯ್ತು. ಪರದೆ ಸುಮ್ಮನಿದ್ದರೆ ಕಪ್ಪು, ಕೈ ತಿರುಗಿಸಿದರೆ ಬೆಳಗಬೇಕು. ಅಪ್ಪ ನಿಧಾನವಾಗಿ ತಿರುಗಿಸಿದರೆ ಬೆಳಗಲ್ಲ. ಬೆಳಗಿದರೂ ಪ್ಲಾಟ್‌ಫಾರ್ಮ್ ಬಿಸಿಲಲ್ಲಿ ಏನೂ ಕಾಣಲ್ಲ. ಹೆಜ್ಜೆ, ಹೃದಯದ ಚಿತ್ರ, ಬ್ಯಾಟರಿ, ಎಲ್ಲ ಒಂದೇ ಕಡೆ ಒತ್ತಿಕೊಂಡಿರೋದ್ರಿಂದ ಟೈಮ್ ಮೂಲೆಗೆ ಹೋಗಿದೆ. ಅಪ್ಪ ಅಮ್ಮನ್ನೇ "ಎಷ್ಟಾಯ್ತೇ?" ಅಂತ ಕೇಳೋಕೆ ಶುರುಮಾಡಿದರು. ಇದನ್ನಾದರೂ ಸಹಿಸಬಹುದಿತ್ತು.

ಬಿಪಿ ಮಾತ್ರ ಯಾವಾಗ ನೋಡಿದರೂ 120ರ ಆಸುಪಾಸು. ಊಟ ಆದಮೇಲೆ 121, ಮೆಟ್ಟಿಲು ಹತ್ತಿ ಏದುಸಿರು ಬಿಡ್ತಾ ಇದ್ದಾಗಲೂ 122. ಅಪ್ಪನಿಗೆ ಖುಷಿಯೋ ಖುಷಿ. ಯಾರಿಗೂ ಹೇಳದೆ ರಾತ್ರಿ ಮಾತ್ರೆ ಬಿಟ್ಟುಬಿಟ್ಟರು! ತಲೆನೋವು ಅಂತ ಡಾಕ್ಟರ ಹತ್ತಿರ ಹೋದಾಗ ತೋಳಿಗೆ ಪಟ್ಟಿ ಕಟ್ಟಿ ನೋಡಿದರು: 168/96. ಅದೇ ಹೊತ್ತಿಗೆ, ಅದೇ ಕುರ್ಚಿಯಲ್ಲಿ, ವಾಚು 122/79 ತೋರಿಸ್ತಾ ಇತ್ತು. ಡಾಕ್ಟರು ವಾಚನ್ನೊಮ್ಮೆ ನೋಡಿ, ಏನೂ ಹೇಳದೆ ಮಾತ್ರೆ ಚೀಟಿ ಬರೆದರು.

ಮನೆಗೆ ಬಂದು ಟವೆಲ್ ಸುತ್ತಿ ಅದಕ್ಕೆ ವಾಚು ಕಟ್ಟಿದೆ. ಸ್ವಲ್ಪ ಹೊತ್ತಲ್ಲಿ ಟವೆಲ್‌ಗೆ ಬಿಪಿ ಬಂತು, 118/76! ನಾಡಿಬಡಿತವೂ ಬಂತು. ಆಮೇಲೆ ಅಪ್ಪನ ಕೈಗೇ ಕಟ್ಟಿ, ಆಪ್‌ನಲ್ಲಿ ವಯಸ್ಸನ್ನು 74ರ ಬದಲು 25 ಮಾಡಿದೆ. ಬಿಪಿ 110ಕ್ಕೆ ಇಳಿಯಿತು. ಮತ್ತೆ 74 ಮಾಡಿದೆ, 121. ಅಂದರೆ ಇದು ಅಪ್ಪನ ರಕ್ತನಾಳ ನೋಡಿ ಹೇಳಿದ್ದಲ್ಲ, ನಾನು ತುಂಬಿದ ವಯಸ್ಸು ನೋಡಿ ಸಮಾಧಾನವಾಗೋ ಅಂಕಿ ಎಸೆದದ್ದು. ನನ್ನ ಕಿವಿ ಬಿಸಿಯಾಯ್ತು ನೋಡಿ. ಮೂರನೇ ಕ್ಲಾಸಿನ ಮಗಳು ಪಕ್ಕದಲ್ಲೇ ನಿಂತು ನಗ್ತಾ ಇದ್ದಳು.

ಇಂಥ ವಾಚಿನ ಹಿಂದೆ ಮಿನುಗೋ ಹಸಿರು ಬೆಳಕು ಚರ್ಮದಡಿ ರಕ್ತ ಏರಿಳಿಯೋದನ್ನು ಹಿಡಿಯುತ್ತೆ. ಅದರಿಂದ ನಾಡಿಬಡಿತ ಸುಮಾರಾಗಿ ಸಿಗಬಹುದು. ಒತ್ತಡ ಎಷ್ಟು ಅಂತ ಬೆಳಕು ತಾನಾಗಿ ಹೇಳಲ್ಲ. ಸ್ಯಾಮ್‌ಸಂಗ್‌ನ ಬಿಪಿ ವಾಚುಗಳೂ ತೋಳಿನ ಮೆಷೀನಿನ ಅಳತೆಗೆ ಹೊಂದಿಸಿದ ಮೇಲೇ ಲೆಕ್ಕ ಕೊಡೋದು, 28 ದಿನಕ್ಕೊಮ್ಮೆ ಮತ್ತೆ ಹೊಂದಿಸಬೇಕು. ನಮ್ಮದು ಅಂಥದ್ದೇನೂ ಕೇಳಲೇ ಇಲ್ಲ. ಇನ್ನು ಸೂಜಿ ಚುಚ್ಚದೆ ಶುಗರ್ ಅಳೆಯುತ್ತೆ ಅನ್ನೋ ವಾಚು, ಉಂಗುರಗಳನ್ನು ನಂಬಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು.

ಅಂಗಡಿಗೆ ಹೋಗಿ ಟವೆಲ್ ಪರೀಕ್ಷೆಯ ವಿಡಿಯೋ ತೋರಿಸಿದೆ. ಅವನ ಉತ್ತರ ಕೇಳಿ: "ಸಾಬ್, ಟವೆಲ್ ಕೋ ಕಾಯ್ಕೋ ಬಾಂಧಾ? ಆದ್ಮೀ ಕೋ ಬಾಂಧೋ." ಆದ್ಮಿಗೇ ಕಟ್ಟಿದ್ದೆ, ಡಾಕ್ಟರ ಎದುರಿಗೇ ತಪ್ಪು ತೋರಿಸ್ತು ಅಂದೆ. ಡಾಕ್ಟರ ಮೆಷೀನೇ ಕೆಟ್ಟಿರಬಹುದಂತೆ! ಆಮೇಲೆ ಡಬ್ಬಿ ತಿರುಗಿಸಿ ಇರುವೆ ಗಾತ್ರದ ಸಾಲು ತೋರಿಸಿದ: ವೈದ್ಯಕೀಯ ಬಳಕೆಗಲ್ಲ. "ಲಿಖಾ ಹೈ ನಾ?" ಮಾರುವಾಗ ಡಾಕ್ಟರೇ ಬೇಡ ಅಂದವನು ಇವನೇ. ದುಡ್ಡು ವಾಪಸ್ ಇಲ್ಲ, ಬೇಕಿದ್ದರೆ ಇಯರ್‌ಫೋನ್ ತಗೊಳ್ಳಿ ಅಂದ. 74ರ ಮನುಷ್ಯನಿಗೆ ಇಯರ್‌ಫೋನ್! ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ, ಆದರೆ ಕೈಯಲ್ಲಿರೋದು ಆ ಕಚ್ಚಾ ಚೀಟಿ ಮಾತ್ರ.

ಈಗ ಎಚ್‌ಎಂಟಿ ಮತ್ತೆ ಅಪ್ಪನ ಕೈಗೆ ಬಂದಿದೆ, ಬಿಪಿಗೆ ತೋಳಿಗೆ ಕಟ್ಟುವ ಮೆಷೀನ್. ಐದು ನಿಮಿಷ ಸುಮ್ಮನೆ ಕೂತು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ ಡೈರಿಯಲ್ಲಿ ಬರೀತಾರೆ. ನೀವು ಬಿಪಿ ವಾಚು ಕೊಳ್ಳಲೇಬೇಕು ಅಂದರೆ ಅಂಗಡಿಯಲ್ಲೇ ಟವೆಲ್‌ಗೆ ಕಟ್ಟಿಸಿ, ಆಪ್‌ನಲ್ಲಿ ವಯಸ್ಸು ಬದಲಿಸಿ ನೋಡಿ, ಜಿಎಸ್‌ಟಿ ಬಿಲ್ ಕೇಳಿ. ಅವನು ಮುಖ ಸಿಂಡರಿಸಿದರೆ ಎದ್ದು ಬನ್ನಿ.