ಮಳೆಗಾಲ ಕಳೆದ ಬ್ಯಾರೆಲ್ ಡೀಸೆಲ್ ಪಂಪ್‌ಸೆಟ್‌ಗೆ ಹಾಕುವ ಮುಂಚೆ ಇದನ್ನು ಓದಿ

ಸ್ಪ್ರಿಂಕ್ಲರ್‌ಗೆಂದು ಡೀಸೆಲ್ ಪಂಪ್‌ಸೆಟ್ ಇಟ್ಟುಕೊಂಡಿರುವ ತೋಟದವರು, ಹೋದ ಬೇಸಿಗೆಯಲ್ಲಿ ಮಿಕ್ಕ ಡೀಸೆಲ್ ಇನ್ನೂ ಬ್ಯಾರೆಲ್‌ನಲ್ಲೇ ಇದ್ದರೆ, ತಳ ಪರೀಕ್ಷೆ ಮಾಡದೆ ಅದನ್ನು ಟ್ಯಾಂಕಿಗೆ ಸುರಿಯಬೇಡಿ. ಬಾಯಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಡೀಸೆಲ್ ಚೆನ್ನಾಗಿಯೇ ಹೊಳೆಯುತ್ತದೆ, ವಾಸನೆಯೂ ಮಾಮೂಲಿ. ತೊಂದರೆಯೆಲ್ಲ ತಳದ ಎರಡು ಬೆರಳಷ್ಟು ಎತ್ತರದಲ್ಲಿ, ನೀರಾಗಿ, ಅದರ ಮೇಲೆ ಬೆಳೆದ ಲೋಳೆಯಾಗಿ ಕೂತಿರುತ್ತದೆ.

ಸಕಲೇಶಪುರದ ಕಡೆ ನಾನು ಉಸ್ತುವಾರಿ ನೋಡಿಕೊಳ್ಳುವ ರೋಬಸ್ಟಾ ತೋಟದಲ್ಲಿ ಆದದ್ದು ಇದು. ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಶೆಡ್ಡಿನ ಪಕ್ಕ ಅರ್ಧ ತುಂಬಿದ 200 ಲೀಟರ್ ಬ್ಯಾರೆಲ್ ಒಂದು ನೆಟ್ಟಗೆ ನಿಂತಿತ್ತು. ಮೇಲೆ ಶೀಟು ಇದ್ದರೂ ಗಾಳಿ ಮಳೆಗೆ ಎರಚಲು ಹೊಡೆಯುವ ಜಾಗ. ಫೆಬ್ರವರಿ ಕೊನೆಗೆ ಮೊಗ್ಗು ತಯಾರಾಗಿ, ಹೂವಿನ ನೀರು ಕೊಡಲು ಶುರು ಮಾಡಿದಾಗ ಆ ಡೀಸೆಲ್ಲೇ ಮೊದಲು ಟ್ಯಾಂಕಿಗೆ ಹೋಯಿತು.

ಎಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಕಾಲು ಗಂಟೆ ಓಡಿದ ಮೇಲೆ ಸದ್ದು ಏರಿಳಿಯತೊಡಗಿತು, ಸ್ಪ್ರಿಂಕ್ಲರ್ ಪ್ರೆಶರ್ ಬಿತ್ತು, ಎಂಜಿನ್ ನಿಂತೇ ಹೋಯಿತು. ಅರ್ಧ ಗಂಟೆ ಬಿಟ್ಟು ತಿರುಗಿಸಿದರೆ ಏನೂ ಆಗದ ಹಾಗೆ ಮತ್ತೆ ಸ್ಟಾರ್ಟ್. ಮತ್ತೆ ಕಾಲು ಗಂಟೆಗೆ ಬಂದ್. ಈ ವರಸೆಯನ್ನು ನೆನಪಿಟ್ಟುಕೊಳ್ಳಿ, ರೋಗದ ಗುರುತು ಇದೇ. ಎಂಜಿನ್ ಓಡುವಾಗ ಡೀಸೆಲ್ ಎಳೆತಕ್ಕೆ ಲೋಳೆ ಬಂದು ಪೈಪಿನ ಬಾಯಿಗೂ ಫಿಲ್ಟರಿಗೂ ಮೆತ್ತಿಕೊಳ್ಳುತ್ತದೆ. ಎಂಜಿನ್ ನಿಂತು ಎಳೆತ ತಪ್ಪಿದಾಗ ಅದರಲ್ಲಿ ಒಂದಷ್ಟು ಕಳಚಿ ಕೆಳಗೆ ಬೀಳುತ್ತದೆ. ದಾರಿ ಬಿಟ್ಟಿತೆಂದು ಎಂಜಿನ್ ಮತ್ತೆ ಓಡುತ್ತದೆ. ಬರೀ ಏರ್ ಹಿಡಿದಿದ್ದರೆ, ಸುಮ್ಮನೆ ಅರ್ಧ ಗಂಟೆ ಬಿಟ್ಟ ಮಾತ್ರಕ್ಕೆ ಅಷ್ಟು ಸಲೀಸಾಗಿ ಸ್ಟಾರ್ಟ್ ಆಗುವುದು ಕಡಿಮೆ.

ಮೊದಲು ಬಂದ ಮೆಕ್ಯಾನಿಕ್ ಏರ್ ಎಂದೇ ಹೇಳಿದ. ಪೈಪಿನ ನಟ್ಟುಗಳನ್ನೆಲ್ಲ ಬಿಗಿ ಮಾಡಿ, ಫಿಲ್ಟರ್ ಬದಲಿಸಿ ಹೋದ. ಹೊಸ ಫಿಲ್ಟರ್ ಹಾಕಿದ್ದಕ್ಕೆ ಆ ದಿನ ಓಡಿತು, ಮಾರನೇ ದಿನ ಅದೇ ಕಥೆ. ಆಗ ಎಂಜಿನ್ನಿಗೆ ಡೀಸೆಲ್ ಒತ್ತಿ ಕೊಡುವ ಡೀಸೆಲ್ ಪಂಪ್ ಹೋಗಿದೆ ಎಂದು ಅದನ್ನೇ ಬಿಚ್ಚಿ ಪೇಟೆಗೆ ಒಯ್ದ. ಬಿಲ್ಲು ಹದಿನಾಲ್ಕು ಸಾವಿರ. ರಿಪೇರಿಯಾದ ಪಂಪು ವಾಪಸ್ ಕೂತಿದ್ದು ಅದೇ ಟ್ಯಾಂಕಿನ ಮುಂದೆ, ಅದೇ ಡೀಸೆಲ್ಲಿಗೆ! ಅಷ್ಟರಲ್ಲಿ ಒಂದು ಬ್ಲಾಕಿಗೆ ಅರ್ಧಂಬರ್ಧ ನೀರು ಬಿದ್ದು ಮೊಗ್ಗು ಸರಿಯಾಗಿ ಅರಳಲಿಲ್ಲ. ಸುಮಾರು ಒಂದು ಇಂಚು ಮಳೆಯಷ್ಟು ನೀರು ಒಟ್ಟಿಗೆ ಬೀಳದಿದ್ದರೆ ಹೂವು ಏನಾಗುತ್ತದೆ ಎಂದು ಕಾಫಿಯವರಿಗೆ ಹೇಳಬೇಕಿಲ್ಲ. ಪಂಪಿನ ಬಿಲ್ಲಿಗಿಂತ ಆ ನಷ್ಟವೇ ದೊಡ್ಡದು.

ಎರಡನೆಯವರು ವಯಸ್ಸಾದ ಮೇಸ್ತ್ರಿ. ಎಂಜಿನ್ ಮುಟ್ಟುವ ಮೊದಲು ಬಿಸಾಡಿದ್ದ ಹಳೇ ಫಿಲ್ಟರ್ ತರಿಸಿದರು, ಹ್ಯಾಕ್ಸಾದಲ್ಲಿ ಕೊಯ್ದರು. ಕಾಗದದ ಮಡಿಕೆಗಳ ನಡುವೆಲ್ಲ ಕಪ್ಪು ಲೋಳೆ. ಬೆರಳಲ್ಲಿ ಎತ್ತಿದರೆ ಎಳೆಯಾಗಿ ಬರುತ್ತಿತ್ತು.

“ಸಾರ್, ಇದು ಕಸ ಅಲ್ಲ, ಬೆಳೆದಿರೋದು. ಬ್ಯಾರೆಲ್ ಎಲ್ಲಿದೆ ತೋರಿಸಿ” ಅಂದರು.

ಮೂರಡಿಗಿಂತ ಉದ್ದದ ಪಾರದರ್ಶಕ ಪೈಪಿನ ಮೇಲ್ತುದಿಯನ್ನು ಹೆಬ್ಬೆರಳಿಂದ ಮುಚ್ಚಿಕೊಂಡು ಬ್ಯಾರೆಲ್ಲಿನ ತಳ ತಾಗುವವರೆಗೆ ಇಳಿಸಿ, ಬೆರಳು ತೆಗೆದು, ಮತ್ತೆ ಮುಚ್ಚಿ ಮೇಲೆತ್ತಿದರು. ಬಂದದ್ದನ್ನು ಗಾಜಿನ ಬಾಟಲಿಗೆ ಬಿಟ್ಟು ಒಂದು ಗಂಟೆ ಅಲುಗಾಡಿಸದೆ ಇಟ್ಟೆವು. ಮೇಲೆ ಡೀಸೆಲ್, ಕೆಳಗೆ ಕದಡಿದ ನೀರು, ಇವೆರಡರ ನಡುವೆ ಹಳೇ ಉಪ್ಪಿನಕಾಯಿ ಜಾಡಿಯ ಬೂಷ್ಟಿನ ಹಾಗೆ ಕಂದು ಪದರ. ಈ ಪರೀಕ್ಷೆಗೆ ಖರ್ಚಿಲ್ಲ, ಯಾರು ಬೇಕಾದರೂ ಮಾಡಬಹುದು. ನೀರಿದೆಯೋ ಇಲ್ಲವೋ ಎಂದಷ್ಟೇ ತಿಳಿಯಬೇಕಿದ್ದರೆ ಪೆಟ್ರೋಲ್ ಬಂಕಿನವರು ಬಳಸುವ ವಾಟರ್ ಪೇಸ್ಟನ್ನು ಕೋಲಿನ ತುದಿಗೆ ಸವರಿ ತಳಕ್ಕೆ ಇಳಿಸಿದರೂ ಆಯಿತು. ನೀರು ತಾಗಿದಷ್ಟು ಭಾಗ ಬಣ್ಣ ಬದಲಿಸುತ್ತದೆ. ಹಳೇ ಡೀಸೆಲ್ಲಿನಲ್ಲಿ ಬರುವ ಕಪ್ಪೆಲ್ಲ ಜೀವಿಯಲ್ಲ ಎಂಬುದೂ ಗೊತ್ತಿರಲಿ. ತುಕ್ಕಾಗಲಿ ಟಾರಿನಂಥ ಕಣವಾಗಲಿ ಬೆರಳ ನಡುವೆ ಉಜ್ಜಿದರೆ ತರಿತರಿ ಎನ್ನುತ್ತದೆ, ಇದು ಜಾರುತ್ತದೆ.

ಡೀಸೆಲ್ಲಿನಲ್ಲಿ ಜೀವಿ ಬೆಳೆಯುವುದೇ ಎಂದು ನಕ್ಕವರೂ ಇದ್ದಾರೆ. ಶಿಲೀಂಧ್ರಕ್ಕೂ ಬ್ಯಾಕ್ಟೀರಿಯಾಕ್ಕೂ ಡೀಸೆಲ್ಲಿನ ಹೈಡ್ರೋಕಾರ್ಬನ್ನೇ ಊಟ. ಆದರೆ ಒಣ ಡೀಸೆಲ್ಲಿನಲ್ಲಿ ಅವು ಬೆಳೆಯಲಾರವು, ಬದುಕಲು ನೀರು ಬೇಕೇ ಬೇಕು. ಹಾಗಾಗಿ ಅವು ನೆಲೆ ನಿಲ್ಲುವುದು ಡೀಸೆಲ್ಲೂ ನೀರೂ ಸೇರುವ ಗಡಿಯಲ್ಲಿ: ಮೇಲಿಂದ ಊಟ, ಕೆಳಗಿಂದ ನೀರು. ವಿಮಾನದ ಇಂಧನ ಟ್ಯಾಂಕುಗಳಲ್ಲೂ ಕಾಟ ಕೊಡುವ ಹಾರ್ಮೋಕೋನಿಸ್ ರೆಸಿನೆ ಎಂಬ ಶಿಲೀಂಧ್ರ ಇವುಗಳಲ್ಲಿ ಹೆಸರುವಾಸಿ, ಸೀಮೆಎಣ್ಣೆ ಶಿಲೀಂಧ್ರ ಎಂದೇ ಅದಕ್ಕೆ ಅಡ್ಡಹೆಸರು. ಇವು ಬಿಡುವ ಆಮ್ಲ ಟ್ಯಾಂಕಿನ ತಳವನ್ನು ಒಳಗಿಂದ ತಿನ್ನುತ್ತದೆ. ನೀರು ಬಹಳ ಕಾಲ ನಿಂತರೆ ಗಾಳಿಯಿಲ್ಲದ ತಳದಲ್ಲಿ ಬೇರೆ ಬ್ಯಾಕ್ಟೀರಿಯಾ ಸೇರಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಆ ವಾಸನೆಯ ಅನಿಲ ವಿಷ. ಬ್ಯಾರೆಲ್ ಬಾಯಿಗೆ ಮುಖ ಇಟ್ಟು ಮೂಸಬೇಡಿ, ದೊಡ್ಡ ಟ್ಯಾಂಕಿನ ಒಳಗೆ ಯಾರನ್ನೂ ಇಳಿಸಬೇಡಿ.

ಅಷ್ಟು ನೀರು ಬಂದದ್ದೆಲ್ಲಿಂದ? “ಒಳಗಿನ ಗಾಳಿ ತಂಪಾಗಿ ಬೆವರಿದ್ದು” ಎಂಬ ಉತ್ತರ ಎಲ್ಲರ ಬಾಯಲ್ಲೂ ಇದೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ, ಲೆಕ್ಕ ಕೂಡುವುದಿಲ್ಲ. ಅರ್ಧ ಖಾಲಿ ಬ್ಯಾರೆಲ್ಲಿನ 100 ಲೀಟರ್ ಗಾಳಿ 25 ಡಿಗ್ರಿಯಲ್ಲಿ ತೇವದಿಂದ ತುಂಬಿದ್ದರೂ ಅದರಲ್ಲಿರುವ ನೀರು ಎರಡು ಗ್ರಾಂ ಚಿಲ್ಲರೆ, ಅರ್ಧ ಟೀ ಚಮಚ. ಡೀಸೆಲ್ಲಿನಲ್ಲೇ ಕರಗಿ ಬರುವ ನೀರೂ ಹೆಚ್ಚಿಲ್ಲ. ಬಿಎಸ್ 6 ಡೀಸೆಲ್ಲಿಗೆ ಇರುವ ಮಿತಿ ಕಿಲೋಗೆ 200 ಮಿಲಿಗ್ರಾಂ, ಅಂದರೆ ತುಂಬಿದ ಬ್ಯಾರೆಲ್ಲಿಗೆ ಹೆಚ್ಚೆಂದರೆ 34 ಮಿಲಿ. ನಮ್ಮ ಬ್ಯಾರೆಲ್ಲಿನ ತಳದಲ್ಲಿದ್ದದ್ದು ಒಂದೂವರೆ ಸೆಂಟಿಮೀಟರ್ ನೀರು. ಬ್ಯಾರೆಲ್ಲಿನ ಅಗಲಕ್ಕೆ ಒಂದು ಸೆಂಟಿಮೀಟರ್ ಎಂದರೆ ಎರಡೂವರೆ ಲೀಟರ್.

ಉತ್ತರ ಮುಚ್ಚಳದ ಮೇಲಿತ್ತು. ನೆಟ್ಟಗೆ ನಿಂತ ಬ್ಯಾರೆಲ್ಲಿನ ಮೇಲ್ಭಾಗ ಅಂಚುಕಟ್ಟಿದ ತಟ್ಟೆಯಂತಿರುತ್ತದೆ. ಮಳೆ ನೀರು ಅಲ್ಲಿ ನಿಂತು ಬಿರಡೆಯನ್ನೇ ಮುಳುಗಿಸುತ್ತದೆ. ಹಗಲು ಕಾದ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ, ರಾತ್ರಿ ಹತ್ತು ಡಿಗ್ರಿ ತಣಿದರೆ ಉಳಿದ ಗಾಳಿ ಮೂರು ಲೀಟರಿಗೂ ಹೆಚ್ಚು ಕುಗ್ಗಿ ಒಳಗೆ ಎಳೆತ ಹುಟ್ಟುತ್ತದೆ. ವಾಷರ್ ಸ್ವಲ್ಪ ಸಡಿಲವಿದ್ದರೂ ಸಾಕು, ಬ್ಯಾರೆಲ್ಲು ಗಾಳಿಯ ಬದಲು ಮೇಲೆ ನಿಂತ ನೀರನ್ನೇ ಒಳಗೆಳೆದುಕೊಳ್ಳುತ್ತದೆ. ನಮ್ಮ ಬ್ಯಾರೆಲ್ಲಿನ ವಾಷರ್ ಒಣಗಿ ಬಿರುಕು ಬಿಟ್ಟಿತ್ತು.

ಈಗ ನೀರು ತೆಗೆಯುವ ವಿಚಾರ. ಬ್ಯಾರೆಲ್ಲನ್ನು ಉರುಳಿಸಿ ತರಬೇಡಿ. ಇದ್ದಲ್ಲೇ ಒಂದು ಬದಿಗೆ ಮರದ ತುಂಡು ಕೊಟ್ಟು ಓರೆ ಮಾಡಿ, ಒಂದು ದಿನ ಹಾಗೇ ಬಿಡಿ. ನೀರೂ ಲೋಳೆಯೂ ತಗ್ಗಿನ ಮೂಲೆಗೆ ಸೇರುತ್ತವೆ. ಕೈಪಂಪಿನ ಪೈಪನ್ನು ಆ ಮೂಲೆಗೇ ತಾಗಿಸಿ, ನಿಧಾನಕ್ಕೆ, ಪಾರದರ್ಶಕ ಕ್ಯಾನಿಗೆ ಎಳೆಯಿರಿ. ಮೊದಲು ಕದಡಿದ ನೀರು, ಆಮೇಲೆ ಕಂದು ಲೋಳೆ, ಕೊನೆಗೆ ಡೀಸೆಲ್ ಬರುತ್ತದೆ. ಡೀಸೆಲ್ ಬಂತೆಂದು ತಕ್ಷಣ ನಿಲ್ಲಿಸದೆ ಇನ್ನೂ ನಾಲ್ಕೈದು ಲೀಟರ್ ಬೇರೆ ಮಾಡಿ. ಅದು ಹೋದರೆ ಹೋಗಲಿ. ಉಳಿದ ಡೀಸೆಲ್ಲನ್ನು ಒಣ ಬ್ಯಾರೆಲ್ಲಿಗೆ ಸೋಸಿ ಹಾಕಿ, ಮಾರನೇ ದಿನ ಬಾಟಲಿ ಪರೀಕ್ಷೆ ಮತ್ತೊಮ್ಮೆ ಮಾಡಿ. ತಿಳಿಯಾಗದೆ ಮಬ್ಬಾಗೇ ಇದ್ದರೆ ಎಂಜಿನ್ನಿಗೆ ಬೇಡ.

ಪಂಪ್‌ಸೆಟ್ಟಿನ ಟ್ಯಾಂಕಿಗೆ ತಳದಲ್ಲಿ ಡ್ರೈನ್ ಬೋಲ್ಟ್ ಇದ್ದರೆ ಅದನ್ನು ಬೆಳಗ್ಗೆ, ಎಂಜಿನ್ ತಿರುಗಿಸುವ ಮೊದಲು ಬಿಚ್ಚಿ. ರಾತ್ರಿಯಿಡೀ ನಿಂತದ್ದರಿಂದ ನೀರು ಕೆಳಗೆ ಕೂತಿರುತ್ತದೆ. ಲೋಳೆ ಕಂಡರೆ ಟ್ಯಾಂಕನ್ನೇ ಕಳಚಬೇಕು, ಗೋಡೆಗೆ ಅಂಟಿದ್ದು ಬರೀ ಡ್ರೈನ್ ಮಾಡಿದರೆ ಬರುವುದಿಲ್ಲ. ಮೇಸ್ತ್ರಿ ಎರಡು ಲೀಟರ್ ಒಳ್ಳೆ ಡೀಸೆಲ್ಲೂ ಒಂದು ಮೊಳ ತೆಳು ಸರಪಳಿಯೂ ಟ್ಯಾಂಕಿನೊಳಗೆ ಹಾಕಿ ಕುಲುಕಿ ಕುಲುಕಿ ಚೆಲ್ಲಿದರು. ಬರುವ ಡೀಸೆಲ್ ತಿಳಿಯಾಗುವವರೆಗೆ ಬಿಡಲಿಲ್ಲ. ಸೋಪಿನ ನೀರು ಹಾಕಿದರೆ ಮೂಲೆಯಲ್ಲಿ ತೇವ ಉಳಿಯುತ್ತದೆ. ಪೆಟ್ರೋಲಿನಲ್ಲಿ ತೊಳೆಯುವುದೂ, ಡೀಸೆಲ್ ಇದ್ದ ಟ್ಯಾಂಕಿನ ತೂತಿಗೆ ಹಾಗೇ ವೆಲ್ಡಿಂಗ್ ಹಿಡಿಯುವುದೂ ಪ್ರಾಣಕ್ಕೆ ಸಂಚಕಾರ. ಇದಾದ ಮೇಲೆ ಪೈಪಿಗೆ ಗಾಳಿ ಊದಿ, ಫಿಲ್ಟರ್ ಹೊಸದು ಹಾಕಿ, ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಏರ್ ತೆಗೆಯಬೇಕು. ಇನ್ನೊಂದು ಫಿಲ್ಟರ್ ಕೈಯಲ್ಲಿರಲಿ, ಗೋಡೆಯಲ್ಲಿ ಉಳಿದದ್ದು ಮೊದಲ ಕೆಲವು ಗಂಟೆಗಳಲ್ಲಿ ಕಳಚಿ ಬರುತ್ತದೆ.

ಅಂಗಡಿಯಲ್ಲಿ ಸಿಗುವ ಔಷಧಿಗಳ ಬಗ್ಗೆ ಒಂದು ಮಾತು. ಜೀವಿ ಕೊಲ್ಲುವ ಬಯೋಸೈಡ್ ಬೇರೆ, “ನೀರು ಹೀರುತ್ತದೆ” ಎಂದು ಮಾರುವ ಬಾಟಲಿ ಬೇರೆ. ಎರಡನೆಯದರಲ್ಲಿ ಹಲವು ನೀರನ್ನು ಸಣ್ಣ ಹನಿ ಮಾಡಿ ಡೀಸೆಲ್ಲಿನಲ್ಲಿ ಬೆರೆಸುತ್ತವೆ. ತಳದಲ್ಲಿ ತೆಪ್ಪಗೆ ಕೂತಿದ್ದ ನೀರು ಆಗ ನೇರವಾಗಿ ಡೀಸೆಲ್ ಪಂಪಿಗೂ ನಾಝಲ್ಲಿಗೂ ಹೋಗುತ್ತದೆ. ಆ ಭಾಗಗಳಿಗೆ ಡೀಸೆಲ್ಲೇ ಎಣ್ಣೆ, ಒಳಗಿನ ಸಂದು ಕೂದಲೆಳೆಗಿಂತ ಎಷ್ಟೋ ಕಿರಿದು. ನೀರು ಹೋದರೆ ತುಕ್ಕು ಹಿಡಿದು ಜಾಮ್ ಆಗುತ್ತದೆ. ಬಯೋಸೈಡ್ ಹಾಕುವುದಾದರೂ ನೀರು ತೆಗೆದ ಮೇಲೆ, ಲೇಬಲ್ಲಿನ ಅಳತೆಯಲ್ಲಿ, ಗ್ಲೌಸ್ ಹಾಕಿಕೊಂಡು. ಲೋಳೆ ಇರುವಾಗಲೇ ಹಾಕಿದರೆ ಸತ್ತದ್ದೆಲ್ಲ ಒಟ್ಟಿಗೆ ಕಳಚಿ ಫಿಲ್ಟರ್ ಕಟ್ಟುತ್ತದೆ. ಬ್ಲೀಚಿಂಗ್ ಸುರಿಯಲು ಹೇಳುವವರ ಮಾತು ಕೇಳಬೇಡಿ, ಟ್ಯಾಂಕೇ ಹಾಳಾಗುತ್ತದೆ.

ನಾವೀಗ ಮೇ ತಿಂಗಳೊಳಗೆ ಇದ್ದ ಡೀಸೆಲ್ಲನ್ನೆಲ್ಲ ಮುಗಿಸಿಬಿಡುತ್ತೇವೆ. ಉಳಿದರೆ ಜೀಪಿಗೋ ಟ್ರಾಕ್ಟರಿಗೋ ಹಾಕಿ ಓಡಿಸುತ್ತೇವೆ. ಹೊಸದನ್ನು ತರುವುದು ನೀರು ಕೊಡುವ ವಾರಕ್ಕೆ. ಇಡಲೇಬೇಕಾದ ತುಂಬಿದ ಬ್ಯಾರೆಲ್ಲನ್ನು ಮರದ ತೊಲೆಯ ಮೇಲೆ ಅಡ್ಡ ಮಲಗಿಸುತ್ತೇವೆ. ಗಡಿಯಾರದ 3 ಮತ್ತು 9ರ ಜಾಗಕ್ಕೆ ಬಿರಡೆಗಳು ಬರಬೇಕು. ಆಗ ಎರಡೂ ಒಳಗಿನಿಂದ ಡೀಸೆಲ್ಲಿನಲ್ಲಿ ಮುಳುಗಿರುತ್ತವೆ, ಉಸಿರಾಟಕ್ಕೆ ಎಡೆಯಿಲ್ಲ, ಸೋರಿದರೆ ಕಣ್ಣಿಗೆ ಕಾಣುತ್ತದೆ. ಕೈಪಂಪು ಇಳಿಸಿದ ಬ್ಯಾರೆಲ್ ನಿಂತೇ ಇರಬೇಕಾದರೆ ಓರೆ ಮಾಡಿಡಿ. ಎರಡು ಬಿರಡೆಗಳೂ ಎದುರುಬದುರು ಇರುವುದರಿಂದ ಒಂದನ್ನು ಎತ್ತರಕ್ಕೆ ತಂದರೆ ಇನ್ನೊಂದು ತಗ್ಗಿನ ನೀರಲ್ಲಿ ಮುಳುಗುತ್ತದೆ, ಹಾಗಾಗಿ ಎರಡೂ ಪಕ್ಕಕ್ಕೆ ಬರುವಂತೆ ತಿರುಗಿಸಿ ಓರೆ ಮಾಡಬೇಕು. ಪಂಪಿನ ಪೈಪು ತಳದಿಂದ ಎರಡು ಇಂಚು ಮೇಲೆ ನಿಲ್ಲುವಂತೆ ಕತ್ತರಿಸಿಕೊಳ್ಳಿ. ತಳದ ಆ ಹತ್ತು ಹನ್ನೆರಡು ಲೀಟರ್ ಎಂಜಿನ್ನಿಗೆ ಹೋಗುವುದು ಬೇಡ.

ತೆಗೆದ ಲೋಳೆ ನೀರನ್ನು ಚರಂಡಿಗೋ ಹಳ್ಳಕ್ಕೋ ಚೆಲ್ಲಬೇಡಿ, ಅದರಲ್ಲಿ ಡೀಸೆಲ್ ಇದ್ದೇ ಇರುತ್ತದೆ. ನಾವು ಹಳೇ ಎಂಜಿನ್ ಆಯಿಲ್ ಕೊಂಡೊಯ್ಯುವವರಿಗೆ ಮುಚ್ಚಳ ಬಿಗಿದ ಕ್ಯಾನಿನಲ್ಲಿ ಕೊಟ್ಟು, ನೀರು ಬೆರೆತಿದೆ ಎಂದು ಹೇಳಿಯೇ ಕಳಿಸಿದೆವು.